ಫೈಲ್ ತೆರೆಯುವ ಮುನ್ನ ಒಂದು ಇಮೇಲ್: ಅನುವಾದದ ಬಿಲ್ಲು, ಕಂತು ಮತ್ತು ಗಡುವಿನ ಲೆಕ್ಕ

ಫೋನಿನಲ್ಲಿ ದರ ಕುದುರಿದೆ. "ಪದಕ್ಕೆ ಎರಡೂವರೆ ರೂಪಾಯಿ ತಾನೆ? ಆಯ್ತು, ಫೈಲ್ ಕಳಿಸ್ತೀವಿ" ಎಂದು ಆಚೆ ಕಡೆಯವರು ಹೇಳಿದ್ದಾರೆ. ಫ್ರೀಲ್ಯಾನ್ಸ್ ಅನುವಾದಕ್ಕೆ ಹೊಸಬರಾದವರು ಇಲ್ಲಿಗೆ ಮಾತು ಮುಗಿಯಿತು ಎಂದುಕೊಂಡು ಕೆಲಸಕ್ಕೆ ಕೂತುಬಿಡುತ್ತಾರೆ. ಆದರೆ ಮೂರು ವಿಷಯ ಇನ್ನೂ ಹಾಗೇ ಉಳಿದಿದೆ. ಯಾವ ಪದ ಎಣಿಸುವುದು? ಯಾವತ್ತಿನಿಂದ ದಿನ ಎಣಿಸುವುದು? ಕೊನೆಗೆ ಖಾತೆಗೆ ಬಂದು ಬೀಳುವುದು ಎಷ್ಟು?

ಈ ಮೂರಕ್ಕೂ ಉತ್ತರ ಒಂದು ಇಮೇಲ್‌ನಲ್ಲಿ ಹೋಗಬೇಕು, ಅದೂ ಕೆಲಸ ಶುರುವಾಗುವ ಮುಂಚೆ. ಆಮೇಲೆ ಕಳಿಸಿದರೆ ಅದೇ ಮಾತು ಜಗಳದ ಹಾಗೆ ಕೇಳುತ್ತದೆ. ಒಂದು ಕೆಲಸವನ್ನು ಉದಾಹರಣೆಗೆ ಇಟ್ಟುಕೊಂಡು ಆ ಇಮೇಲ್‌ನ ಒಂದೊಂದು ಭಾಗವನ್ನೂ ನೋಡೋಣ.

ಧಾರವಾಡದಲ್ಲಿ ಕೂತ ಅನುವಾದಕಿ, ಬೆಂಗಳೂರಿನ ಒಂದು ಕೃಷಿ ಯಂತ್ರಗಳ ಕಂಪನಿ. ಪವರ್ ಟಿಲ್ಲರ್ ಮತ್ತು ಸ್ಪ್ರೇಯರ್‌ಗಳ ಬಳಕೆ ಕೈಪಿಡಿ ಇಂಗ್ಲಿಷ್‌ನಿಂದ ಕನ್ನಡಕ್ಕೆ ಬರಬೇಕು. ಒಟ್ಟು 24,000 ಪದ. ಪದಕ್ಕೆ 2.50 ರೂಪಾಯಿಯಂತೆ 60,000 ರೂಪಾಯಿ. ಈ ದರ ಲೆಕ್ಕಕ್ಕೆ ಅನುಕೂಲವಾಗಲಿ ಎಂದು ಇಟ್ಟುಕೊಂಡದ್ದು. ವಿಷಯ, ಗಡುವು, ಅನುಭವ ನೋಡಿಕೊಂಡು ದರ ಹೆಚ್ಚು ಕಡಿಮೆ ಆಗುತ್ತದೆ.

ಇಮೇಲ್ ಹೀಗೆ ಶುರುವಾಗುತ್ತದೆ:

> ನಮಸ್ಕಾರ ಮೇಡಂ,
>
> ನಿನ್ನೆ ಫೋನಿನಲ್ಲಿ ಮಾತಾಡಿದ ಕೈಪಿಡಿಯ ಕೆಲಸ ಒಪ್ಪಿಕೊಳ್ಳಲು ಸಂತೋಷ. ಶುರು ಮಾಡುವ ಮುಂಚೆ ಬಿಲ್ ಮತ್ತು ಪಾವತಿಯ ವಿವರಗಳನ್ನು ಬರೆದಿಡುತ್ತಿದ್ದೇನೆ. ಓದಿ, ಎಲ್ಲಾದರೂ ಬದಲಾವಣೆ ಬೇಕಿದ್ದರೆ ಹೇಳಿ. ಇಲ್ಲದಿದ್ದರೆ "ಒಪ್ಪಿಗೆ ಇದೆ" ಎಂದು ಒಂದು ಸಾಲು ಉತ್ತರ ಕಳಿಸಿದರೆ ಸಾಕು.
>
> ಪದಗಳ ಎಣಿಕೆ ನೀವು ಜನವರಿ 9ರಂದು ಕಳಿಸಿದ ಇಂಗ್ಲಿಷ್ ವರ್ಡ್ ಫೈಲಿನದು: 24,000 ಪದ. ದರ ಇಂಗ್ಲಿಷ್ ಪದಕ್ಕೆ 2.50 ರೂಪಾಯಿ. ಚಿತ್ರಗಳ ಒಳಗಿರುವ ಬರಹ ಈ ಎಣಿಕೆಯಲ್ಲಿ ಸೇರಿಲ್ಲ. ಅದೂ ಬೇಕಿದ್ದರೆ ಬೇರೆ ಎಣಿಸಿ, ಮೊದಲೇ ತಿಳಿಸುತ್ತೇನೆ.

"ಇಂಗ್ಲಿಷ್ ಪದಕ್ಕೆ" ಎನ್ನುವ ಆ ಎರಡು ಪದ ಸುಮ್ನೆ ಸೇರಿಸಿದ್ದಲ್ಲ. ಕನ್ನಡದಲ್ಲಿ ವಿಭಕ್ತಿ, ಪ್ರತ್ಯಯಗಳೆಲ್ಲ ಪದಕ್ಕೇ ಅಂಟಿಕೊಳ್ಳುತ್ತವೆ. ಇಂಗ್ಲಿಷ್‌ನಲ್ಲಿ ಮೂರು ಪದ ಹಿಡಿಯುವುದು "ಮನೆಯಲ್ಲಿ" ಎಂಬ ಒಂದೇ ಪದದಲ್ಲಿ ಮುಗಿಯುತ್ತದೆ. ಹಾಗಾಗಿ ಇಂಗ್ಲಿಷ್‌ನಲ್ಲಿ 24,000 ಪದ ಇದ್ದ ಕೈಪಿಡಿ ಕನ್ನಡಕ್ಕೆ ಬಂದಾಗ ಪದಗಳ ಎಣಿಕೆ ಸಾಕಷ್ಟು ಇಳಿಯುತ್ತದೆ. 18,000ಕ್ಕೆ ಇಳಿದಿದೆ ಅಂತ ಇಟ್ಟುಕೊಳ್ಳಿ. ಕನ್ನಡ ಪದ ಎಣಿಸಿದರೆ ಬಿಲ್ 45,000. ಇಂಗ್ಲಿಷ್ ಪದ ಎಣಿಸಿದರೆ 60,000. ಅದೇ ಕೆಲಸ, ಅದೇ ದರ, ವ್ಯತ್ಯಾಸ 15,000 ರೂಪಾಯಿ. ಇದರಲ್ಲಿ ಯಾರೂ ಮೋಸ ಮಾಡಿಲ್ಲ. ಇಬ್ಬರ ಮನಸ್ಸಿನಲ್ಲೂ ಬೇರೆ ಬೇರೆ ಎಣಿಕೆ ಇತ್ತು, ಅಷ್ಟೇ.

ಮೂಲ ಪದ ಎಣಿಸುವುದರಲ್ಲಿ ಕ್ಲೈಂಟಿಗೂ ಅನುಕೂಲ ಇದೆ. ಕೆಲಸ ಶುರುವಾಗುವ ಮುಂಚೆಯೇ ಒಟ್ಟು ಖರ್ಚು ಎಷ್ಟು ಎಂದು ಗೊತ್ತಾಗಿಬಿಡುತ್ತದೆ. ಅನುವಾದಕರು ವಾಕ್ಯ ಎಳೆದು ಉದ್ದ ಮಾಡಿದರೆ ಬಿಲ್ ಬೆಳೆದೀತು ಎಂಬ ಅನುಮಾನಕ್ಕೂ ಜಾಗ ಇರುವುದಿಲ್ಲ.

ಫೈಲ್ ಯಾವ ದಿನದ್ದು ಎಂದು ಬರೆಯುವುದಕ್ಕೂ ಕಾರಣ ಇದೆ. ಕೈಪಿಡಿಗಳಂಥ ಬರಹ ಇಂಗ್ಲಿಷ್‌ನಲ್ಲೇ ಇನ್ನೂ ತಿದ್ದುಪಡಿ ಆಗುತ್ತಿರುತ್ತದೆ. ಅರ್ಧ ಅನುವಾದ ಆದ ಮೇಲೆ "ಇದು ಫೈನಲ್ ಫೈಲ್, ಇದನ್ನೇ ಮಾಡಿ" ಎಂದು ಇನ್ನೊಂದು ಬರುತ್ತದೆ. ಹಳೆಯದರಲ್ಲಿ ಮಾಡಿ ಮುಗಿಸಿದ ನಾಲ್ಕು ಪುಟ ಅದರಲ್ಲಿ ಇರುವುದೇ ಇಲ್ಲ. ತಾರೀಖು ಬರೆದಿದ್ದರೆ ಹೊಸ ಫೈಲಿನಲ್ಲಿ ಸೇರಿದ ಪದಗಳಿಗೆ ಹೆಚ್ಚುವರಿ ಕೇಳಬಹುದು, ಮಾಡಿ ಮುಗಿಸಿದ ನಾಲ್ಕು ಪುಟಕ್ಕೂ ದುಡ್ಡು ಕೇಳಬಹುದು. ಚಿತ್ರದೊಳಗಿನ ಬರಹದ ಮಾತೂ ಹೀಗೇ. ಯಂತ್ರದ ಭಾಗಗಳ ಚಿತ್ರದಲ್ಲಿ ಬಾಣದ ಗುರುತಿನ ಪಕ್ಕ ಹೆಸರು ಬರೆದಿರುತ್ತದಲ್ಲ, ಅದನ್ನು ವರ್ಡ್ ಎಣಿಸುವುದಿಲ್ಲ. ಆದರೆ ಅನುವಾದ ಆಗಲೇಬೇಕು.

ಇನ್ನು ಕಂತಿನ ವಿಷಯ:

> ಪಾವತಿ ಮೂರು ಕಂತಿನಲ್ಲಿ. ಜನವರಿ 12ರಂದು 18,000 ರೂಪಾಯಿ ಅಡ್ವಾನ್ಸ್‌ಗೆ ಬಿಲ್ ಕಳಿಸುತ್ತೇನೆ, ಅದು ಬಂದ ಮಾರನೇ ದಿನ ಕೆಲಸ ಶುರು. ಮೊದಲ 12,000 ಪದಗಳ ಅನುವಾದ ಫೆಬ್ರವರಿ 2ರಂದು ನಿಮ್ಮ ಕೈ ಸೇರುತ್ತದೆ. ಅದೇ ದಿನ 24,000 ರೂಪಾಯಿಯ ಎರಡನೇ ಬಿಲ್, ಪಾವತಿಗೆ 15 ದಿನ, ಅಂದರೆ ಫೆಬ್ರವರಿ 17. ಉಳಿದ 12,000 ಪದ ಫೆಬ್ರವರಿ 23ಕ್ಕೆ. ಅದೇ ದಿನ 18,000 ರೂಪಾಯಿಯ ಕೊನೆಯ ಬಿಲ್, ಪಾವತಿಗೆ 30 ದಿನ, ಅಂದರೆ ಮಾರ್ಚ್ 25.
>
> ಅಡ್ವಾನ್ಸ್ ಬರುವುದು ತಡವಾದರೆ ಮುಂದಿನ ತಾರೀಖುಗಳು ಅಷ್ಟೇ ದಿನ ಮುಂದೆ ಹೋಗುತ್ತವೆ. ಎರಡನೇ ಕಂತು ಗಡುವು ದಾಟಿದರೆ ಅದು ಬರುವವರೆಗೆ ಉಳಿದ ಭಾಗದ ಕೆಲಸ ನಿಂತಿರುತ್ತದೆ.

ಇಮೇಲ್‌ನ ಜೀವ ಇರುವುದು ಇಲ್ಲೇ. ಪ್ರತಿ ಕಂತೂ ಅನುವಾದಕಿಯ ಕೈಯಲ್ಲಿರುವ ಒಂದು ಕೆಲಸಕ್ಕೆ ಕಟ್ಟಿಕೊಂಡಿದೆ. ಅವಳು ಫೈಲ್ ಕಳಿಸಿದ ದಿನದಿಂದ ಎಣಿಕೆ ಶುರು. ಇದರ ಬದಲಿಗೆ ಕ್ಲೈಂಟ್ ಕಡೆಯಿಂದ ಸಾಮಾನ್ಯವಾಗಿ ಬರುವ ಮಾತು "ಪ್ರಿಂಟ್ ಆದ ಮೇಲೆ ಕೊಡ್ತೀವಿ", "ಟೆಕ್ನಿಕಲ್ ಟೀಮ್ ಅಪ್ರೂವ್ ಮಾಡಿದ ಮೇಲೆ", "ನಮಗೆ ಪಾರ್ಟಿಯಿಂದ ಬಂದ ಮೇಲೆ". ಕೊನೆಯದು ಅನುವಾದ ಏಜೆನ್ಸಿಗಳಲ್ಲಿ ಜಾಸ್ತಿ ಕೇಳಿಬರುತ್ತದೆ. ಕೇಳುವಾಗ ನ್ಯಾಯವೇ ಅನಿಸುತ್ತದೆ. ಆದರೆ ಪ್ರಿಂಟ್ ಯಾವಾಗ ಎಂಬುದು ಅನುವಾದಕಿಯ ಕೈಯಲ್ಲಿಲ್ಲ. ಯಂತ್ರದ ಬಿಡುಗಡೆ ಆರು ತಿಂಗಳು ಮುಂದೆ ಹೋದರೆ ಅವಳ ದುಡ್ಡೂ ಅದರ ಜೊತೆಗೆ ಹೋಗುತ್ತದೆ, ಅವಳ ಕಡೆಯಿಂದ ಏನೂ ಲೋಪ ಇಲ್ಲದಿದ್ದರೂ. ಇನ್ನೂ ಕಷ್ಟ ಏನೆಂದರೆ, ಆಗ ಬಿಲ್ "ತಡವಾಗಿದೆ" ಎನ್ನುವುದಕ್ಕೂ ಆಗುವುದಿಲ್ಲ. ಪ್ರಿಂಟ್ ಆಗಿಲ್ಲ, ಆದ್ದರಿಂದ ಗಡುವೇ ಹುಟ್ಟಿಲ್ಲ.

ಗಡುವನ್ನು "30 ದಿನ" ಎಂದಷ್ಟೇ ಬರೆಯದೆ ತಾರೀಖನ್ನೂ ಬರೆದಿರುವುದು ಅಕೌಂಟ್ಸ್ ವಿಭಾಗದವರಿಗಾಗಿ. 30 ದಿನ ಅಂದಾಗ ಬಿಲ್ಲಿನ ತಾರೀಖಿನಿಂದಲೋ, ಬಿಲ್ ತಮ್ಮ ಸಿಸ್ಟಮ್‌ಗೆ ಏರಿದ ದಿನದಿಂದಲೋ, ಆ ತಿಂಗಳ ಕೊನೆಯಿಂದಲೋ ಎಂಬ ಪ್ರಶ್ನೆ ಬರುತ್ತದೆ. ಕೆಲವು ಕಡೆ ತಿಂಗಳಲ್ಲಿ ಒಂದೋ ಎರಡೋ ದಿನ ಮಾತ್ರ ಪಾವತಿ ಮಾಡುತ್ತಾರೆ. ಅಂಥಲ್ಲಿ ಮಾರ್ಚ್ 25 ಅಂದದ್ದು ಏಪ್ರಿಲ್ 10 ಆಗಬಹುದು. ಇಮೇಲ್ ಕಳಿಸುವ ಹೊತ್ತಿಗೇ "ನಿಮ್ಮಲ್ಲಿ ಪಾವತಿ ಯಾವ ದಿನ ಮಾಡುತ್ತೀರಿ?" ಎಂದು ಕೇಳಿಬಿಟ್ಟರೆ ಒಂದು ಫಾಲೋ-ಅಪ್ ಉಳಿಯುತ್ತದೆ.

ಅಡ್ವಾನ್ಸ್ ಶೇಕಡಾ 30 ಇರಲೇಬೇಕೆಂದು ಶಾಸ್ತ್ರ ಇಲ್ಲ. ಹೊಸ ಕ್ಲೈಂಟ್, ಐದಾರು ವಾರದ ಕೆಲಸ ಅಂದಾಗ ಅಷ್ಟಾದರೂ ಕೇಳುವುದು ಸರಿ ಅಂತ ನನ್ನ ಅಭಿಪ್ರಾಯ. ಅದರಲ್ಲಿ ದುಡ್ಡಿಗಿಂತ ಹೆಚ್ಚಿನ ಉಪಯೋಗ ಒಂದಿದೆ. ಅಡ್ವಾನ್ಸ್ ಬರಬೇಕಾದರೆ ಅವರ ವ್ಯವಸ್ಥೆಯಲ್ಲಿ ನಿಮ್ಮ ಹೆಸರು, ಪ್ಯಾನ್, ಬ್ಯಾಂಕ್ ಖಾತೆ ಎಲ್ಲ ದಾಖಲಾಗಿರಬೇಕು. ಆ ವೆಂಡರ್ ಫಾರ್ಮಿನ ಗೋಜಲು ಕೆಲಸದ ಮುಂಚೆಯೇ ಮುಗಿಯುತ್ತದೆ. ಇಲ್ಲದಿದ್ದರೆ ಕೊನೆಯ ಬಿಲ್ ಕಳಿಸಿದ ಮೇಲೆ "ಕ್ಯಾನ್ಸಲ್ ಆದ ಚೆಕ್ಕಿನ ಫೋಟೋ ಬೇಕು" ಎಂದು ಶುರುವಾಗುತ್ತದೆ. ಅಂಕಪಟ್ಟಿಯನ್ನೋ ಜನನ ಪ್ರಮಾಣಪತ್ರವನ್ನೋ ಅನುವಾದ ಮಾಡಿಸುವ ಒಬ್ಬಿಬ್ಬರ ಸಣ್ಣ ಕೆಲಸಕ್ಕೆ ಕಂತಿನ ರಗಳೆ ಬೇಡ, ಪೂರ್ತಿ ಹಣ ಮೊದಲೇ ತಗೊಳ್ಳುವುದು ವಾಡಿಕೆ.

ತಡವಾದರೆ ಬಡ್ಡಿ ಎಂದು ಈ ಇಮೇಲ್‌ನಲ್ಲಿ ಬರೆದಿಲ್ಲ, ಗಮನಿಸಿದಿರಾ? ತಿಂಗಳಿಗೆ ಶೇಕಡಾ ಇಷ್ಟು ಎಂದು ಕೆಲವರು ಬರೆಯುತ್ತಾರೆ, ತಪ್ಪಿಲ್ಲ. ಆದರೆ 24,000 ರೂಪಾಯಿಗೆ ಶೇಕಡಾ ಒಂದೂವರೆ ಅಂದರೆ ತಿಂಗಳಿಗೆ 360 ರೂಪಾಯಿ. ಯಾವ ಕಂಪನಿಯೂ ಅದಕ್ಕೆ ಹೆದರುವುದಿಲ್ಲ, ಅದನ್ನು ವಸೂಲಿ ಮಾಡುವ ತಾಳ್ಮೆ ಅನುವಾದಕರಿಗೂ ಇರುವುದಿಲ್ಲ. "ಉಳಿದ ಅರ್ಧ ನಿಂತಿರುತ್ತದೆ" ಎನ್ನುವುದು ಹಾಗಲ್ಲ. ಅರ್ಧ ಕೈಪಿಡಿ ಪ್ರಿಂಟ್ ಮಾಡಲು ಆಗುವುದಿಲ್ಲ, ಅಲ್ವಾ?

ಆಮೇಲೆ ತಿದ್ದುಪಡಿ:

> ಪ್ರತಿ ಭಾಗ ತಲುಪಿದ 10 ದಿನದೊಳಗೆ ನಿಮ್ಮ ತಿದ್ದುಪಡಿಗಳನ್ನು ಒಟ್ಟಿಗೆ ಕಳಿಸಿ. ಒಂದು ಸುತ್ತಿನ ತಿದ್ದುಪಡಿ ಈ ದರದಲ್ಲೇ ಸೇರಿದೆ. ನನ್ನ ಕಡೆಯ ತಪ್ಪು ಯಾವಾಗ ಸಿಕ್ಕರೂ ತಿದ್ದಿಕೊಡುತ್ತೇನೆ, ಅದಕ್ಕೆ ಹಣ ಇಲ್ಲ. ಇಂಗ್ಲಿಷ್ ಮೂಲವೇ ಬದಲಾದರೆ ಹೊಸ ಪದಗಳ ಲೆಕ್ಕ. ಪಾವತಿಯ ತಾರೀಖು ತಿದ್ದುಪಡಿಗಾಗಿ ಮುಂದೆ ಹೋಗುವುದಿಲ್ಲ.

ತಪ್ಪು ಬೇರೆ, ಇಷ್ಟ ಬೇರೆ. "ಒತ್ತಡ 3 ಬಾರ್" ಎಂದಿರಬೇಕಾದಲ್ಲಿ "30 ಬಾರ್" ಎಂದು ಬಿದ್ದಿದ್ದರೆ ಅದು ತಪ್ಪು. ಒಂದು ವರ್ಷದ ಮೇಲೆ ಸಿಕ್ಕರೂ ತಿದ್ದಿಕೊಡಬೇಕಾದದ್ದೇ. "ನಮ್ಮ ಡೀಲರ್‌ಗಳು ಸಿಂಪಡಣೆ ಅನ್ನಲ್ಲ, ಸ್ಪ್ರೇ ಅಂತಲೇ ಅಂತಾರೆ" ಎನ್ನುವುದು ಇಷ್ಟ. ಅದು ಒಂದು ಸುತ್ತಿನಲ್ಲಿ ಮುಗಿಯಬೇಕು. "ಒಟ್ಟಿಗೆ" ಎಂದು ಬರೆದದ್ದು ಮಾರ್ಕೆಟಿಂಗ್‌ನವರು ಇವತ್ತು ಒಂದು, ಸರ್ವಿಸ್‌ನವರು ನಾಳೆ ಇನ್ನೊಂದು ಕಳಿಸದಿರಲಿ ಎಂದು. ಮೊದಲ ಭಾಗಕ್ಕೂ ತಿದ್ದುಪಡಿ ಪಡೆದುಕೊಳ್ಳುವುದರಿಂದ ಎರಡನೇ ಭಾಗದ ಕೆಲಸ ಹಗುರಾಗುತ್ತದೆ. ಪದಗಳ ಇಷ್ಟಾನಿಷ್ಟ ಅಷ್ಟರಲ್ಲಿ ಗೊತ್ತಾಗಿರುತ್ತದೆ.

ಈಗ ಖಾತೆಗೆ ಬೀಳುವ ಮೊತ್ತದ ವಿಷಯ. ಹೊಸಬರು ಗಾಬರಿ ಬೀಳುವುದು ಇಲ್ಲಿ.

> ಟಿಡಿಎಸ್ ಕಡಿತ ಮಾಡುವುದಿದ್ದರೆ ಯಾವ ಸೆಕ್ಷನ್, ಎಷ್ಟು ಶೇಕಡಾ, ಮತ್ತು ಮೊದಲ ಕಂತಿನಿಂದಲೇ ಮಾಡುತ್ತೀರಾ ಎಂದು ದಯವಿಟ್ಟು ತಿಳಿಸಿ. ನನ್ನ ಪ್ಯಾನ್ ಬಿಲ್ಲಿನಲ್ಲಿ ಇರುತ್ತದೆ. ನಾನು ಜಿಎಸ್‌ಟಿಯಲ್ಲಿ ನೋಂದಾಯಿಸಿಲ್ಲ, ಆದ್ದರಿಂದ ಬಿಲ್ಲಿನಲ್ಲಿ ಜಿಎಸ್‌ಟಿ ಇರುವುದಿಲ್ಲ.

ಕಂಪನಿಗಳು ಇಂಥ ಕೆಲಸಕ್ಕೆ ಹಣ ಕೊಡುವಾಗ ಒಂದು ಪಾಲನ್ನು ಹಿಡಿದು, ನಮ್ಮ ಪ್ಯಾನ್ ಹೆಸರಿನಲ್ಲಿ ಸರ್ಕಾರಕ್ಕೆ ಕಟ್ಟಬೇಕು. ಅದೇ ಟಿಡಿಎಸ್. ವೃತ್ತಿಪರ ಸೇವೆ ಎಂದು ಪರಿಗಣಿಸಿದರೆ ಶೇಕಡಾ 10. ಅಕೌಂಟ್ಸ್‌ನವರ ಬಾಯಲ್ಲಿ ಇದು "194ಜೆ". ಒಂದು ಹಣಕಾಸು ವರ್ಷದಲ್ಲಿ ಆ ಕ್ಲೈಂಟಿನಿಂದ ಬರುವ ಮೊತ್ತ 50,000 ರೂಪಾಯಿ ದಾಟಿದರೆ ಇದು ಅನ್ವಯ. 2025ರ ಏಪ್ರಿಲ್‌ಗೆ ಮುಂಚೆ ಈ ಮಿತಿ 30,000 ಇತ್ತು. ಕೆಲವು ಕಂಪನಿಗಳು ಅನುವಾದವನ್ನು ಗುತ್ತಿಗೆ ಕೆಲಸದ ಲೆಕ್ಕಕ್ಕೆ, ಅಂದರೆ "194ಸಿ"ಗೆ ಸೇರಿಸಿ ವ್ಯಕ್ತಿಗಳಿಗೆ ಶೇಕಡಾ 1 ಮಾತ್ರ ಹಿಡಿಯುತ್ತವೆ. ಈ ನಂಬರುಗಳು 1961ರ ಆದಾಯ ತೆರಿಗೆ ಕಾಯ್ದೆಯವು. 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ ಜಾರಿಗೆ ಬಂದು ಸೆಕ್ಷನ್ ನಂಬರುಗಳು ಬದಲಾದರೂ, ಬಾಯಿಮಾತಿನಲ್ಲಿ ಹಳೆಯವೇ ಇನ್ನೂ ಓಡಾಡುತ್ತವೆ.

ನಮ್ಮ ಉದಾಹರಣೆಗೆ ಬರೋಣ. ಒಟ್ಟು 60,000, ಶೇಕಡಾ 10 ಅಂದರೆ 6,000. ಒಟ್ಟು ಮೊತ್ತ ಮಿತಿ ದಾಟುತ್ತದೆ ಎಂದು ಮೊದಲೇ ಗೊತ್ತಿರುವುದರಿಂದ ಜಾಗರೂಕ ಅಕೌಂಟೆಂಟ್ ಮೊದಲ ಕಂತಿನಿಂದಲೇ ಹಿಡಿಯುತ್ತಾರೆ. ಆಗ ಕೈಗೆ ಬರುವುದು 16,200, ಆಮೇಲೆ 21,600, ಕೊನೆಗೆ 16,200. ಇನ್ನೊಬ್ಬರು ಬಿಲ್ ಬಂದ ಹಾಗೆ ನೋಡುತ್ತಾ ಹೋಗುತ್ತಾರೆ. ಮೊದಲೆರಡು ಬಿಲ್ ಸೇರಿ 42,000, ಮಿತಿಯ ಒಳಗೇ ಇದೆ, ಹಾಗಾಗಿ ಪೂರ್ತಿ ಕೊಡುತ್ತಾರೆ. ಮೂರನೆಯದು ಬಂದಾಗ ಮೊತ್ತ 60,000 ಆಗುತ್ತದೆ, ಆಗ ಅಷ್ಟರ ಮೇಲಿನ ಪೂರ್ತಿ 6,000 ರೂಪಾಯಿಯನ್ನು ಒಂದೇ ಸಲ ಹಿಡಿಯುತ್ತಾರೆ. 18,000 ಬರಬೇಕಿದ್ದ ಕಡೆ 12,000 ಬಂದು ಬೀಳುತ್ತದೆ. ಕಾರಣ ಗೊತ್ತಿಲ್ಲದವರಿಗೆ ಕಂಪನಿ ಮೂರನೇ ಒಂದು ಭಾಗ ನುಂಗಿದ ಹಾಗೆ ಕಾಣುತ್ತದೆ. ಇಮೇಲ್‌ನಲ್ಲಿ "ಮೊದಲ ಕಂತಿನಿಂದಲೇ ಮಾಡುತ್ತೀರಾ" ಎಂದು ಕೇಳಿದ್ದು ಇದಕ್ಕೇ.

ಹಿಡಿದ ಹಣ ಎಲ್ಲೂ ಹೋಗುವುದಿಲ್ಲ, ಅವರು ಕಟ್ಟಿದ್ದರೆ. ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಎಲ್ಲರೂ "26ಎಎಸ್" ಎಂದು ಕರೆಯುವ ಪಟ್ಟಿಯಲ್ಲಿ ನಮ್ಮ ಹೆಸರಿಗೆ ಆ 6,000 ಕಾಣಬೇಕು. ವರ್ಷದ ತೆರಿಗೆ ಅದಕ್ಕಿಂತ ಕಡಿಮೆ ಇದ್ದರೆ ರಿಟರ್ನ್ ಸಲ್ಲಿಸಿ ವಾಪಸ್ ಪಡೆಯಬಹುದು. ಕಂಪನಿ ಮೂರು ತಿಂಗಳಿಗೊಮ್ಮೆ ವಿವರ ಸಲ್ಲಿಸುವುದರಿಂದ ಪಟ್ಟಿಯಲ್ಲಿ ಬರುವುದಕ್ಕೆ ಸ್ವಲ್ಪ ಕಾಲ ಹಿಡಿಯುತ್ತದೆ. ಆ ತ್ರೈಮಾಸಿಕದ ವಿವರ ಸಲ್ಲಿಸುವ ಗಡುವು ಕಳೆದರೂ ಕಾಣದಿದ್ದರೆ ಆಗ ಕೇಳಬೇಕು. ಪ್ಯಾನ್ ಕೊಡದಿದ್ದರೆ ಅಥವಾ ಆಧಾರ್ ಜೋಡಣೆ ಆಗದೆ ಪ್ಯಾನ್ ನಿಷ್ಕ್ರಿಯವಾಗಿದ್ದರೆ ಶೇಕಡಾ 10ರ ಬದಲು 20 ಹಿಡಿಯುತ್ತಾರೆ, ಆದ್ದರಿಂದ ಅದನ್ನು ಮೊದಲೇ ನೋಡಿಕೊಳ್ಳಿ.

ಜಿಎಸ್‌ಟಿಯ ಕತೆ ಇಷ್ಟು ಉದ್ದ ಇಲ್ಲ. ಸೇವೆ ಕೊಡುವವರಿಗೆ ಕರ್ನಾಟಕದಲ್ಲಿ ವರ್ಷದ ವಹಿವಾಟು 20 ಲಕ್ಷ ರೂಪಾಯಿ ದಾಟುವವರೆಗೆ ನೋಂದಣಿ ಕಡ್ಡಾಯ ಅಲ್ಲ. ಕ್ಲೈಂಟ್ ಪುಣೆಯಲ್ಲೋ ದೆಹಲಿಯಲ್ಲೋ ಇದ್ದರೂ ಇದೇ ಮಿತಿ. ನೋಂದಣಿ ಇಲ್ಲದವರು ಬಿಲ್ಲಿನಲ್ಲಿ ಜಿಎಸ್‌ಟಿ ಸೇರಿಸಿ ವಸೂಲಿ ಮಾಡುವ ಹಾಗಿಲ್ಲ. ವೆಂಡರ್ ಫಾರ್ಮಿನಲ್ಲಿ ಜಿಎಸ್‌ಟಿ ನಂಬರಿನ ಜಾಗಕ್ಕೆ "ನೋಂದಣಿ ಇಲ್ಲ" ಎಂದು ಬರೆದು, ಅವರು ಕೇಳಿದರೆ ಸಹಿ ಹಾಕಿದ ಒಂದು ಘೋಷಣೆ ಕೊಟ್ಟರೆ ಆಯಿತು. ನೋಂದಣಿ ಇರುವವರು ಶೇಕಡಾ 18 ಸೇರಿಸಬೇಕು. ನಮ್ಮ ಉದಾಹರಣೆಯಲ್ಲಿ 10,800, ಒಟ್ಟು ಬಿಲ್ 70,800. ಜಿಎಸ್‌ಟಿಯನ್ನು ಬೇರೆ ಸಾಲಿನಲ್ಲಿ ತೋರಿಸಿದ್ದರೆ ಟಿಡಿಎಸ್ ಲೆಕ್ಕ 60,000ಕ್ಕೆ ಮಾತ್ರ. ಅಂಥವರಿಗೆ ಗಡುವಿನ ಬಿಸಿ ಇನ್ನೂ ಜಾಸ್ತಿ. ಕ್ಲೈಂಟ್ ದುಡ್ಡು ಕೊಡಲಿ ಬಿಡಲಿ, ಬಿಲ್ ಮಾಡಿದ ಅವಧಿಯ ಜಿಎಸ್‌ಟಿಯನ್ನು ಅವರು ಕೈಯಿಂದ ಹಾಕಿಯಾದರೂ ಕಟ್ಟಲೇಬೇಕು.

ಇಷ್ಟೆಲ್ಲ ಬರೆದ ಮೇಲೂ ಕಂಪನಿಯಿಂದ ಒಂದು ಉತ್ತರ ಬರುವುದುಂಟು: "ಎಲ್ಲಾ ಓಕೆ, ಆದರೆ ನಮ್ಮ ಪಾಲಿಸಿ ಪ್ರಕಾರ ಪೇಮೆಂಟ್ 90 ದಿನ." ಇಲ್ಲಿ ಸಣ್ಣ ಉದ್ಯಮಗಳಿಗಾಗಿ ಸರ್ಕಾರ ಇಟ್ಟಿರುವ ಉದ್ಯಮ್ ನೋಂದಣಿ ಕೆಲಸಕ್ಕೆ ಬರುತ್ತದೆ.

> ನಾನು ಉದ್ಯಮ್‌ನಲ್ಲಿ ಮೈಕ್ರೋ ಉದ್ಯಮವಾಗಿ ನೋಂದಾಯಿಸಿದ್ದೇನೆ. ಪ್ರಮಾಣಪತ್ರ ಲಗತ್ತಿಸಿದೆ, ನಂಬರ್ ಪ್ರತಿ ಬಿಲ್ಲಿನಲ್ಲೂ ಇರುತ್ತದೆ.

ಒಂದೇ ಸಾಲು, ಬೆದರಿಕೆಯ ಧಾಟಿ ಇಲ್ಲ. ಆದರೆ ಅದರ ಹಿಂದೆ 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆ ಇದೆ. ಮೈಕ್ರೋ ಅಥವಾ ಸಣ್ಣ ಉದ್ಯಮಕ್ಕೆ ಕೊಡಬೇಕಾದ ಹಣವನ್ನು ಒಪ್ಪಂದದ ತಾರೀಖಿನೊಳಗೆ ಕೊಡಬೇಕು, ಆ ಒಪ್ಪಂದ ಕೆಲಸ ಸ್ವೀಕರಿಸಿದ ದಿನದಿಂದ 45 ದಿನ ಮೀರುವಂತಿಲ್ಲ. ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನ. "ನಾವಿನ್ನೂ ಸ್ವೀಕರಿಸಿಯೇ ಇಲ್ಲ" ಎಂದು ಎಳೆಯುವುದಕ್ಕೂ ಕಾಯ್ದೆಯಲ್ಲಿ ತಡೆ ಇದೆ. ಕೆಲಸ ತಲುಪಿದ 15 ದಿನದೊಳಗೆ ಬರಹದಲ್ಲಿ ತಕರಾರು ಎತ್ತದಿದ್ದರೆ, ತಲುಪಿದ ದಿನವೇ ಸ್ವೀಕರಿಸಿದ ದಿನ. ಗಡುವು ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿಯಾಗಿ. ಇಮೇಲ್‌ನಲ್ಲಿ ಬಡ್ಡಿಯ ಸಾಲು ಬರೆಯದೆ ಬಿಟ್ಟದ್ದಕ್ಕೆ ಇದೂ ಒಂದು ಕಾರಣ.

ಆದರೆ ಅಕೌಂಟ್ಸ್‌ನವರನ್ನು ನಿಜಕ್ಕೂ ಎಬ್ಬಿಸುವುದು ಬಡ್ಡಿಯಲ್ಲ, ಆದಾಯ ತೆರಿಗೆಯ ಇನ್ನೊಂದು ನಿಯಮ. ಅವರು ಅದನ್ನು "43ಬಿ(ಎಚ್)" ಎನ್ನುತ್ತಾರೆ. 2023-24ರ ಹಣಕಾಸು ವರ್ಷದಿಂದ ಅನ್ವಯವಾಗಿರುವ ಇದರ ಪ್ರಕಾರ, ಮೈಕ್ರೋ ಮತ್ತು ಸಣ್ಣ ಉದ್ಯಮಗಳಿಗೆ ಕಾಯ್ದೆಯ ಗಡುವು ಮೀರಿ ಬಾಕಿ ಉಳಿಸಿಕೊಂಡ ಹಣವನ್ನು ಕಂಪನಿ ಆ ವರ್ಷದ ಖರ್ಚು ಎಂದು ತೋರಿಸುವಂತಿಲ್ಲ. ಹಣ ನಿಜವಾಗಿ ಕೊಟ್ಟ ವರ್ಷದಲ್ಲಿ ಮಾತ್ರ ತೋರಿಸಬಹುದು. ನಮ್ಮ ಕೊನೆಯ ಬಿಲ್ಲನ್ನೇ ತಗೊಳ್ಳಿ. ಕೆಲಸ ತಲುಪಿದ್ದು ಫೆಬ್ರವರಿ 23, ಒಪ್ಪಿದ ಗಡುವು ಮಾರ್ಚ್ 25. ಮಾರ್ಚ್ 24ಕ್ಕೆ ಕೊಟ್ಟರೆ ಏನೂ ತೊಂದರೆ ಇಲ್ಲ. ಕೊಡದೆ ಏಪ್ರಿಲ್ 20ಕ್ಕೆ ಕೊಟ್ಟರೆ, ಆ 18,000 ಮಾರ್ಚ್‌ಗೆ ಮುಗಿದ ವರ್ಷದ ಖರ್ಚಿನಿಂದ ಹೊರಗೆ ಬೀಳುತ್ತದೆ, ಲಾಭ ಅಷ್ಟು ಜಾಸ್ತಿ ಕಾಣುತ್ತದೆ, ಅದಕ್ಕೆ ತೆರಿಗೆ. ಒಬ್ಬರ 18,000 ದೊಡ್ಡ ಮೊತ್ತ ಅಲ್ಲ, ಒಪ್ಪೋಣ. ಆದರೆ ಇಂಥ ಎಲ್ಲಾ ಬಾಕಿ ಸೇರಿದಾಗ ಅದು ಚಿಕ್ಕದಲ್ಲ. ಮಾರ್ಚ್‌ನಲ್ಲಿ ಆಡಿಟರ್ ಕೇಳುವ ಬಾಕಿ ಪಟ್ಟಿಯಲ್ಲಿ ಉದ್ಯಮ್ ನಂಬರ್ ಇರುವವರ ಬಿಲ್ ಬೇರೆಯಾಗಿ ಕಣ್ಣಿಗೆ ಬೀಳುತ್ತದೆ.

ಇದರ ಮಿತಿಯನ್ನೂ ತಿಳಿದಿರಬೇಕು. ತೆರಿಗೆ ಕಟ್ಟುವ ಲಾಭವೇ ಇಲ್ಲದ ಟ್ರಸ್ಟು, ಎನ್‌ಜಿಒಗಳಿಗೆ ಇದರ ಬಿಸಿ ತಟ್ಟುವುದಿಲ್ಲ. ವಿದೇಶದ ಕ್ಲೈಂಟಿಗೂ ಇಲ್ಲ. ಉದ್ಯಮ್ ನೋಂದಣಿಗೆ ಶುಲ್ಕ ಇಲ್ಲ, ಸರ್ಕಾರದ ತಾಣ `udyamregistration.gov.in`ನಲ್ಲಿ ಆಧಾರ್ ಮತ್ತು ಪ್ಯಾನ್ ಇಟ್ಟುಕೊಂಡು ನಾವೇ ಮಾಡಿಕೊಳ್ಳಬಹುದು. ದುಡ್ಡು ಕೇಳುವ ನಕಲಿ ತಾಣಗಳೂ ಇವೆ, ವಿಳಾಸ ನೋಡಿಕೊಂಡು ಹೋಗಿ. ಜಗಳ ಆದ ಮೇಲೆ ನೋಂದಾಯಿಸಿದರೆ ಹಳೆಯ ಬಿಲ್ಲಿಗೆ ಅದರ ರಕ್ಷಣೆ ಕೇಳುವುದು ಕಷ್ಟ, ಕೆಲಸ ಶುರುವಾಗುವ ಮುಂಚೆಯೇ ಆಗಿರಬೇಕು.

ಇಮೇಲ್‌ನ ಕೊನೆಗೆ ಎರಡು ಸಣ್ಣ ಸಾಲು ಉಳಿದಿವೆ:

> ಕೆಲಸ ನಡುವೆ ನಿಂತರೆ ಅಲ್ಲಿಯವರೆಗೆ ಮುಗಿದ ಪದಗಳಿಗೆ ಬಿಲ್ ಮಾಡುತ್ತೇನೆ, ಅಡ್ವಾನ್ಸ್ ಅದರಲ್ಲಿ ಕಳೆಯುತ್ತೇನೆ. ಅನುವಾದದ ಹಕ್ಕು ಕೊನೆಯ ಕಂತು ಬಂದ ಮೇಲೆ ಕಂಪನಿಗೆ ವರ್ಗವಾಗುತ್ತದೆ, ಅದಕ್ಕೆ ಸಹಿ ಹಾಕಿದ ಪತ್ರ ಕೊಡುತ್ತೇನೆ.

ಸಹಿಯ ಪತ್ರ ಯಾಕೆ ಎಂದರೆ, 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕಿನ ವರ್ಗಾವಣೆ ಬರಹದಲ್ಲಿ, ಕೊಡುವವರ ಸಹಿಯೊಂದಿಗೆ ಆಗಬೇಕು. ಎಷ್ಟು ವರ್ಷಕ್ಕೆ ಎಂದು ಬರೆಯದಿದ್ದರೆ ಐದು ವರ್ಷಕ್ಕೆ ಎಂದೂ, ಎಲ್ಲಿಗೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ ಎಂದೂ ಅರ್ಥ. ಹತ್ತು ವರ್ಷ ಮಾರುವ ಯಂತ್ರದ ಕೈಪಿಡಿಗೆ ಇದನ್ನು ಸರಿಯಾಗಿ ಬರೆಸಿಕೊಳ್ಳುವುದು ಕಂಪನಿಗೇ ಬೇಕಾದದ್ದು.

ಇನ್ನು "ಒಪ್ಪಿಗೆ ಇದೆ" ಎಂಬ ಆ ಒಂದು ಸಾಲಿನ ಉತ್ತರ. ಇಮೇಲ್ ಮೂಲಕ ಆದ ಒಪ್ಪಂದ ಎಲೆಕ್ಟ್ರಾನಿಕ್ ಎಂಬ ಒಂದೇ ಕಾರಣಕ್ಕೆ ಬಿದ್ದುಹೋಗುವುದಿಲ್ಲ ಎಂದು ಮಾಹಿತಿ ತಂತ್ರಜ್ಞಾನ ಕಾಯ್ದೆ ಹೇಳುತ್ತದೆ. ಸ್ಟಾಂಪ್ ಪೇಪರ್ ಬೇಕಿಲ್ಲ. ಆದರೆ ಉತ್ತರ ಬರಬೇಕು, ಫೋನಿನಲ್ಲಿ "ನೋಡಿದೆ, ಓಕೆ" ಎಂದರೆ ಸಾಲದು. ಹಾಗೆ ಅಂದರೆ ನೀವೇ ಇನ್ನೊಂದು ಇಮೇಲ್ ಹಾಕಿ: "ಇವತ್ತು ಫೋನಿನಲ್ಲಿ ಒಪ್ಪಿಗೆ ತಿಳಿಸಿದ್ದಕ್ಕೆ ಧನ್ಯವಾದ. ಅಡ್ವಾನ್ಸ್ ಬಿಲ್ ಲಗತ್ತಿಸಿದ್ದೇನೆ."

ದೊಡ್ಡ ಕಂಪನಿಗಳಲ್ಲಿ ಇದಾದ ಮೇಲೆ ಪರ್ಚೇಸ್ ಆರ್ಡರ್ ಬರುತ್ತದೆ. ಎಲ್ಲರೂ ಪಿಒ ಅನ್ನುವುದು ಇದನ್ನೇ. ಅದರಲ್ಲಿ ಮೊತ್ತ ನೋಡಿ ಸುಮ್ಮನಾಗಬೇಡಿ, ಕೊನೆಯ ಪುಟದ ಸಣ್ಣ ಅಕ್ಷರ ಓದಿ. ಇಮೇಲ್‌ನಲ್ಲಿ 30 ದಿನ ಒಪ್ಪಿದ ಕಂಪನಿಯ ಪಿಒದಲ್ಲಿ ಅಚ್ಚುಹಾಕಿದ 60 ದಿನ ಇರಬಹುದು. "ಈ ಆರ್ಡರ್ ಹಿಂದಿನ ಎಲ್ಲಾ ಮಾತುಕತೆಗಳ ಬದಲಿಗೆ" ಎಂಬ ಸಾಲೂ ಇರಬಹುದು. ಅದನ್ನು ಒಪ್ಪಿ ಕೆಲಸ ಶುರು ಮಾಡಿದರೆ ಇಷ್ಟು ಹೊತ್ತು ಬರೆದ ಇಮೇಲ್ ಮೂಲೆಗೆ ಸರಿಯುತ್ತದೆ. ಪಿಒ ಬಂದ ದಿನವೇ, ಸ್ವೀಕರಿಸುವ ಮುಂಚೆ, "ಪಾವತಿಯ ಅವಧಿ ನಮ್ಮ ಜನವರಿ 10ರ ಇಮೇಲ್‌ನಂತೆ 30 ದಿನ ಎಂದು ತಿದ್ದಿ ಕಳಿಸಿ" ಎಂದು ಕೇಳಬೇಕು. ಪರ್ಚೇಸ್ ವಿಭಾಗದವರು ಸಾಮಾನ್ಯವಾಗಿ ಮಾದರಿ ಫಾರ್ಮನ್ನೇ ಎತ್ತಿ ಹಾಕಿರುತ್ತಾರೆ, ಕೇಳಿದರೆ ತಿದ್ದಿಕೊಡುವುದೂ ಉಂಟು. ತಿದ್ದಿದ ಪಿಒದ ನಂಬರನ್ನು ಮೂರೂ ಬಿಲ್ಲಿನ ಮೇಲೆ ಹಾಕಿ. ಆ ನಂಬರ್ ಇಲ್ಲದ ಬಿಲ್ ಎಷ್ಟೋ ಕಡೆ ಅಕೌಂಟ್ಸ್‌ನಲ್ಲಿ ಎಂಟ್ರಿಯೇ ಆಗುವುದಿಲ್ಲ, ಆಗಿಲ್ಲ ಎಂದು ಯಾರೂ ಫೋನ್ ಮಾಡಿ ಹೇಳುವುದೂ ಇಲ್ಲ.